ಗೋದಾವರಿಯ ಪೊದೆಯಲ್ಲಿರುವ ಸಿಂಹ

ಒಂಬತ್ತನೆಯ ಶತಮಾನದಲ್ಲಿ, ಅವಂತಿವರ್ಮನು 855ರಿಂದ 883ರವರೆಗೆ ಕಾಶ್ಮೀರವನ್ನು ಆಳುತ್ತಿದ್ದ ಕಾಲದಲ್ಲಿ ಪ್ರಸಿದ್ಧನಾದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದಲ್ಲಿ ಕಾವ್ಯದ ಅರ್ಥವನ್ನು ಎರಡಾಗಿ ನೋಡುತ್ತಾನೆ. ಮಾತು ನೇರವಾಗಿ ಹೇಳುವುದು ವಾಚ್ಯಾರ್ಥ; ಹೇಳದೆಯೇ ಸಹೃದಯನ ಮನಸ್ಸಿಗೆ ಹೊಳೆಯಿಸುವುದು ಪ್ರತೀಯಮಾನಾರ್ಥ ಅಥವಾ ವ್ಯಂಗ್ಯಾರ್ಥ. ಇಲ್ಲಿ ವ್ಯಂಗ್ಯವೆಂದರೆ ಇಂದಿನ ಬಳಕೆಯ ಕುಹಕವಲ್ಲ, ವ್ಯಕ್ತವಾಗತಕ್ಕದ್ದು ಎಂದಷ್ಟೇ. ಈ ಎರಡನೆಯ ಅರ್ಥವು ಮೊದಲನೆಯದನ್ನು ಹಿಂದಿಕ್ಕಿ ತಾನೇ ಪ್ರಧಾನವಾಗಿ ನಿಂತಾಗ ಅಂಥ ಕಾವ್ಯಕ್ಕೆ ಧ್ವನಿಯೆಂದು ಹೆಸರು. ಹೊಳೆಯುವ ಅರ್ಥವು ಒಂದು ಸಂಗತಿಯಾಗಿರಬಹುದು, ಒಂದು ಅಲಂಕಾರವಾಗಿರಬಹುದು, ಇಲ್ಲವೆ ರಸವಾಗಿರಬಹುದು. ಇವುಗಳಲ್ಲಿ ರಸವೇ ಮೇಲಾದದ್ದೆಂಬುದು ಆನಂದವರ್ಧನನ ನಿಲುವಾದರೂ, ವಾಚ್ಯಕ್ಕೂ ವ್ಯಂಗ್ಯಕ್ಕೂ ಇರುವ ಅಂತರವನ್ನು ತೋರಿಸಲು ಅವನು ಮೊದಲು ಎತ್ತಿಕೊಳ್ಳುವುದು ಸಂಗತಿಯನ್ನು ಧ್ವನಿಸುವ ಒಂದು ಚಿಕ್ಕ ಪ್ರಾಕೃತ ಗಾಥೆಯನ್ನು. ಮುಂದಿನ ಇನ್ನೂರು ವರ್ಷಗಳ ವಾದವಿವಾದಗಳಲ್ಲಿ ಈ ಗಾಥೆ ಮತ್ತೆ ಮತ್ತೆ ಸಾಕ್ಷಿಗೆ ಬಂದು ನಿಂತಿದೆ. ಆದ್ದರಿಂದ ಧ್ವನಿಯ ತತ್ತ್ವವನ್ನು ಅರಿಯಬೇಕೆನ್ನುವವರಿಗೆ ಲಕ್ಷಣ ಶ್ಲೋಕಗಳ ಪಟ್ಟಿಗಿಂತ ಈ ಒಂದೇ ಪದ್ಯವನ್ನು ನಿಧಾನವಾಗಿ ಓದುವುದು ಹೆಚ್ಚು ಫಲಕಾರಿ.

ಗಾಥೆಯು ಸಾತವಾಹನ ಅರಸು ಹಾಲನ ಹೆಸರಿನಲ್ಲಿ ಬಂದಿರುವ ‘ಗಾಥಾಸಪ್ತಶತಿ’ಗೆ ಸೇರಿದ್ದು. ಅದರಲ್ಲಿ ಮಾತನಾಡುವವಳು ಒಬ್ಬ ಹೆಣ್ಣು. ಕೇಳುವವನು ಒಬ್ಬ ಧಾರ್ಮಿಕ, ಅಂದರೆ ಪೂಜೆಯ ಹೂವಿಗಾಗಿ ನದೀತೀರದಲ್ಲಿ ಸುತ್ತುವ ವ್ರತಸ್ಥ. ಅವನು ಇನ್ನು ನಿಶ್ಚಿಂತೆಯಿಂದ ಓಡಾಡಬಹುದೆಂದೂ, ಅವನನ್ನು ಕಾಡುತ್ತಿದ್ದ ನಾಯಿಯನ್ನು ಗೋದಾವರಿಯ ದಡದ ಪೊದೆಯಲ್ಲಿ ನೆಲೆಸಿರುವ ಸೊಕ್ಕಿದ ಸಿಂಹವು ಇಂದು ಕೊಂದುಹಾಕಿತೆಂದೂ ಆಕೆ ಹೇಳುತ್ತಾಳೆ. ಗಾಥೆಯಲ್ಲಿರುವುದು ಇಷ್ಟೇ. ಆ ಪೊದೆ ಆಕೆ ತನ್ನ ಪ್ರಿಯನನ್ನು ಗುಟ್ಟಾಗಿ ಕೂಡುವ ಸಂಕೇತಸ್ಥಳವೆಂಬುದನ್ನಾಗಲಿ, ಈ ಧಾರ್ಮಿಕನು ಅಲ್ಲಿಗೆ ಬಂದು ಹೂವನ್ನೂ ಚಿಗುರನ್ನೂ ಕಿತ್ತು ಅದರ ಮರೆಯನ್ನು ಕೆಡಿಸುತ್ತಿದ್ದಾನೆಂಬುದನ್ನಾಗಲಿ ಹೇಳುವ ಒಂದು ಪದವೂ ಅದರಲ್ಲಿಲ್ಲ. ಪ್ರಿಯನ ಸುಳಿವೂ ಇಲ್ಲ. ಆದರೂ ಓದಿದವರಿಗೆ ತಿಳಿಯುವುದು, ಅವಳು ಬಾ ಎನ್ನುತ್ತಿಲ್ಲ, ಬರಬೇಡ ಎನ್ನುತ್ತಿದ್ದಾಳೆ ಎಂಬುದು. ವಾಚ್ಯವು ಅನುಮತಿ, ಅಂದರೆ ವಿಧಿ, ವ್ಯಂಗ್ಯವು ನಿಷೇಧ. ಒಂದೇ ಮಾತಿನಲ್ಲಿ ಹೌದು ಮತ್ತು ಬೇಡ ಎರಡೂ ಇರುವುದರಿಂದಲೇ, ಎರಡನೆಯ ಅರ್ಥವು ಮೊದಲನೆಯದರ ಮುಂದುವರಿಕೆಯೆಂದು ಹೇಳಿ ಯಾರೂ ಜಾರಿಕೊಳ್ಳಲಾರರು. ಆನಂದವರ್ಧನನು ಈ ಗಾಥೆಯನ್ನು ಆರಿಸಿದ್ದರ ಜಾಣ್ಮೆ ಇಲ್ಲಿದೆ.

ಪದಗಳ ಕೆಲಸವನ್ನು ಗಮನಿಸಿದರೆ ಆ ಹೆಣ್ಣಿನ ಚಾತುರ್ಯ ಇನ್ನೂ ಸ್ಪಷ್ಟವಾಗುತ್ತದೆ. ನಾಯಿಗೆ ಅವಳು ಬಳಸುವುದು ಅದನ್ನು ಕಿರಿದಾಗಿಸುವ ರೂಪವನ್ನು, ನಾಯಿಮರಿ ಎನ್ನುವಂತೆ. ಆ ಕ್ಷುದ್ರ ಪ್ರಾಣಿಗೇ ಅಂಜುತ್ತಿದ್ದವನೆಂಬುದು ಅದರಿಂದ ನೆನಪಾಗುತ್ತದೆ. ಕೊಂದದ್ದು ಇಂದು, ಆದ್ದರಿಂದ ಕೊಂದ ಪ್ರಾಣಿ ಇನ್ನೂ ದೂರ ಹೋಗಿಲ್ಲ. ಸಿಂಹಕ್ಕೆ ಮುಂಚೆಯೇ ಪರಿಚಿತವಾದುದನ್ನು ಸೂಚಿಸುವಂತೆ ‘ಆ’ ಎಂಬ ಸರ್ವನಾಮವಿದೆ. ಅದು ಎಲ್ಲರೂ ಬಲ್ಲ ಸಿಂಹ, ಇವನೊಬ್ಬನಿಗೆ ಗೊತ್ತಿಲ್ಲದಿದ್ದದ್ದು. ಅದು ದಾರಿತಪ್ಪಿ ಬಂದದ್ದಲ್ಲ, ಆ ಪೊದೆಯಲ್ಲಿಯೇ ವಾಸವಾಗಿರುವುದು. ಅಂದರೆ ನಾಳೆಯೂ ಅಲ್ಲಿಯೇ ಇರುತ್ತದೆ. ಅದು ಸೊಕ್ಕಿದ್ದು, ಎಂದರೆ ಮನುಷ್ಯರಿಗೆ ಹೆದರಿ ಪಕ್ಕಕ್ಕೆ ಸರಿಯತಕ್ಕದ್ದಲ್ಲ. ಇಷ್ಟೆಲ್ಲವನ್ನೂ ಕಟ್ಟಿದ ಮೇಲೆ ‘ನಿಶ್ಚಿಂತೆಯಿಂದ’ ಎಂಬ ಮೊದಲಿನ ಪದಕ್ಕೆ ಹಿಂತಿರುಗಿದರೆ, ಅದು ತನ್ನ ಅರ್ಥವನ್ನು ಬಿಟ್ಟುಕೊಡದೆ ಆ ಅರ್ಥಕ್ಕೆ ವಿರುದ್ಧವಾದ ಭಯವನ್ನು ಹುಟ್ಟಿಸುತ್ತದೆ.

ಈ ನಿಷೇಧವನ್ನು ತಂದುಕೊಟ್ಟ ಶಕ್ತಿ ಯಾವುದು ಎಂಬುದು ಶಾಸ್ತ್ರದ ಪ್ರಶ್ನೆ. ಪದಕ್ಕೆ ಲೋಕದಲ್ಲಿ ನಿಶ್ಚಿತವಾಗಿರುವ ಅರ್ಥವನ್ನು ತಿಳಿಸುವ ಶಕ್ತಿಗೆ ಅಭಿಧೆಯೆಂದು ಹೆಸರು. ಅದು ಓಡಾಡು, ನಾಯಿ, ಸಿಂಹ, ಪೊದೆ ಎಂಬ ಅರ್ಥಗಳನ್ನು ಕೊಟ್ಟು ಮುಗಿಯುತ್ತದೆ. ಬಿಡಿಬಿಡಿಯಾದ ಈ ಅರ್ಥಗಳನ್ನು ಒಂದು ವಾಕ್ಯಾರ್ಥವಾಗಿ ಹೆಣೆಯುವುದು ತಾತ್ಪರ್ಯದ ಕೆಲಸ. ಅದು ಧಾರ್ಮಿಕನು ನಿಶ್ಚಿಂತೆಯಿಂದ ಓಡಾಡಬಹುದೆಂಬ ಅನುಮತಿಯನ್ನೇ ಕೊಡುತ್ತದೆ, ನಿಷೇಧವನ್ನಲ್ಲ. ಬಾಣವು ಕವಚವನ್ನೂ ಎದೆಯನ್ನೂ ಒಂದೇ ವೇಗದಲ್ಲಿ ಭೇದಿಸಿಕೊಂಡು ಹೋಗುವಂತೆ ಅಭಿಧೆಯೊಂದೇ ಎಷ್ಟು ದೂರದ ಅರ್ಥವನ್ನಾದರೂ ಮುಟ್ಟುತ್ತದೆಂದು ಹೇಳಿದವರೂ ಇದ್ದರು. ಆದರೆ ಹಾಗೆ ಒಪ್ಪಿದರೆ ಲಕ್ಷಣೆಯೆಂಬ ಮತ್ತೊಂದು ಶಕ್ತಿಯನ್ನು ಬೇರೆಯಾಗಿ ಎಣಿಸುವ ಅಗತ್ಯವೇ ಉಳಿಯುವುದಿಲ್ಲವೆಂದು ಧ್ವನಿವಾದಿಗಳು ತೋರಿಸಿಕೊಟ್ಟರು. ಆ ಲಕ್ಷಣೆಯನ್ನಾದರೋ ಮೀಮಾಂಸಕರೇ ಒಪ್ಪಿದ್ದರು.

ಲಕ್ಷಣೆ ಇಲ್ಲಿ ಕೆಲಸ ಮಾಡಬಹುದೇ ಎಂಬುದನ್ನು ಹೆಚ್ಚು ಎಚ್ಚರದಿಂದ ನೋಡಬೇಕು, ಏಕೆಂದರೆ ಹೊಸದಾಗಿ ಓದುವವರು ಧ್ವನಿಯನ್ನೂ ಲಕ್ಷಣೆಯನ್ನೂ ಬೆರೆಸಿಬಿಡುವುದು ಇಲ್ಲಿಯೇ. ಗಂಗೆಯ ಮೇಲೆ ಗೊಲ್ಲರ ಹಟ್ಟಿಯಿದೆ ಎಂದು ಒಬ್ಬನು ಹೇಳಿದರೆ, ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದು. ಆದ್ದರಿಂದ ಮುಖ್ಯಾರ್ಥಕ್ಕೆ ಬಾಧೆ, ಅಂದರೆ ತಡೆ, ಉಂಟಾಗುತ್ತದೆ. ಆಗ ಗಂಗೆಗೆ ಹೊಂದಿಕೊಂಡಿರುವ ದಡವೆಂಬ ಅರ್ಥಕ್ಕೆ ಮನಸ್ಸು ಸರಿಯುತ್ತದೆ. ದಡವೆಂದೇ ಹೇಳದೆ ಗಂಗೆಯೆಂದದ್ದಕ್ಕೆ ಒಂದು ಪ್ರಯೋಜನವೂ ಇದೆ: ಆ ಹಟ್ಟಿಯ ತಂಪು, ಪಾವನತೆ ಮನಸ್ಸಿಗೆ ಬರಲಿ ಎಂಬುದು. ಹೀಗೆ ಮುಖ್ಯಾರ್ಥದ ಬಾಧೆ, ಅದರೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಎಂಬ ಮೂರು ಸೇರಿದರೆ ಮಾತ್ರ ಲಕ್ಷಣೆ. ಗಾಥೆಯಲ್ಲಿ ಮೊದಲನೆಯ ಷರತ್ತೇ ಇಲ್ಲ. ನಾಯಿ ಸತ್ತಿರುವುದರಿಂದ ಓಡಾಡಬಹುದು ಎಂಬ ವಾಕ್ಯದಲ್ಲಿ ಅಸಂಗತವಾದದ್ದು ಯಾವುದೂ ಇಲ್ಲ. ಅದು ವ್ಯಾಕರಣಕ್ಕೂ ತರ್ಕಕ್ಕೂ ಸರಿಯಾಗಿ ಒಪ್ಪುವ ಮಾತು. ಇದು ವಿಪರೀತ ಲಕ್ಷಣೆ, ಹೇಳಿದ್ದಕ್ಕೆ ವಿರುದ್ಧಾರ್ಥ ಮಾಡಿಕೊಳ್ಳಬೇಕು ಎಂಬ ಸಮಾಧಾನವನ್ನು ಸುಮಾರು ಕ್ರಿ.ಶ. 1000ರಲ್ಲಿದ್ದ ಅಭಿನವಗುಪ್ತನು ಧ್ವನ್ಯಾಲೋಕದ ಮೇಲಿನ ತನ್ನ ‘ಲೋಚನ’ ವ್ಯಾಖ್ಯಾನದಲ್ಲಿ ಒಪ್ಪದಿರುವುದಕ್ಕೆ ಕಾರಣ ಇದೇ. ಇಷ್ಟಲ್ಲದೆ, ಲಕ್ಷಣೆಯಲ್ಲಿ ಮೊದಲರ್ಥವು ತನ್ನ ಸ್ಥಾನವನ್ನು ಬಿಟ್ಟುಕೊಡುತ್ತದೆ. ಗಾಥೆಯಲ್ಲಿ ಮೊದಲರ್ಥವು ಕೊನೆಯವರೆಗೂ ನಿಂತಿರಬೇಕು, ಏಕೆಂದರೆ ಅನುಮತಿ ಅನುಮತಿಯಾಗಿಯೇ ಉಳಿದರೆ ಮಾತ್ರ ಆ ಹೆಣ್ಣಿನ ಗುಟ್ಟು ಉಳಿಯುತ್ತದೆ. ಗಂಗೆಯ ಉದಾಹರಣೆಯಲ್ಲಿಯೂ ದಡವನ್ನು ತಿಳಿಸುವುದು ಮಾತ್ರ ಲಕ್ಷಣೆಗೆ ಸಾಧ್ಯ, ತಂಪನ್ನೂ ಪಾವನತೆಯನ್ನೂ ತಿಳಿಸುವುದು ಮತ್ತೊಂದು ಶಕ್ತಿಯೆಂದು ಧ್ವನಿವಾದಿಗಳು ಹೇಳುವುದನ್ನು ಇದರೊಡನೆ ಸೇರಿಸಿಕೊಂಡರೆ, ವ್ಯಂಜನೆಯೆಂಬ ಬೇರೆಯ ವ್ಯಾಪಾರವನ್ನು ಅವರು ಏಕೆ ಬೇಡಿದರೆಂಬುದು ತಿಳಿಯುತ್ತದೆ.

ವ್ಯಂಜನೆಯು ನಿಘಂಟಿನಿಂದ ಹುಟ್ಟುವುದಲ್ಲ, ಸಂದರ್ಭದಿಂದ ಹುಟ್ಟುವುದು. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಕಾಕುವಿನಲ್ಲಿ, ಅಂದರೆ ಯಾವ ಧ್ವನಿವಿಕಾರದಲ್ಲಿ ಹೇಳಿದರು, ಹತ್ತಿರ ಇನ್ನಾರಿದ್ದರು, ಪ್ರಸ್ತಾವ ಯಾವುದು, ಸ್ಥಳ ಯಾವುದು, ಹೊತ್ತು ಯಾವುದು ಎಂಬಂಥವುಗಳನ್ನು ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಎಣಿಸುತ್ತಾನೆ. ಹೊತ್ತು ಮುಳುಗಿತು ಎಂಬ ವಾಕ್ಯದ ವಾಚ್ಯಾರ್ಥ ಎಲ್ಲರಿಗೂ ಒಂದೇ. ಅದನ್ನು ಕೇಳಿದ ದನಗಾಹಿಗೆ ದನಗಳನ್ನು ಹಟ್ಟಿಗೆ ಹೊಡೆಯಬೇಕೆಂದೂ, ವ್ರತಸ್ಥನಿಗೆ ಸಂಧ್ಯಾವಂದನೆಗೆ ಏಳಬೇಕೆಂದೂ, ವ್ಯಾಪಾರಿಗೆ ಸರಕನ್ನು ಒಳಗಿಡಬೇಕೆಂದೂ, ಪ್ರಿಯನಿಗಾಗಿ ಕಾಯುವವಳಿಗೆ ಅವನಿನ್ನೂ ಬರಲಿಲ್ಲವೆಂದೂ ಹೊಳೆಯುತ್ತದೆ. ಗಾಥೆಯಲ್ಲಿ ಮಾತನಾಡುವವಳನ್ನು ಬದಲಿಸಿ, ಅದೇ ಸುದ್ದಿಯನ್ನು ಬೇಟೆಗಾರನೊಬ್ಬನು ಹೇಳಿದನೆಂದು ಕಲ್ಪಿಸಿಕೊಂಡರೆ, ಸಿಂಹದ ಎಚ್ಚರಿಕೆ ಉಳಿಯಬಹುದೇ ಹೊರತು ಸಂಕೇತಸ್ಥಳವು ಮಾಯವಾಗುತ್ತದೆ. ಹಾಗೆಯೇ ಧಾರ್ಮಿಕನಿಗೆ ತಿಳಿಯುವುದಕ್ಕೂ ಓದುಗನಿಗೆ ತಿಳಿಯುವುದಕ್ಕೂ ವ್ಯತ್ಯಾಸವಿದೆ. ಅವನು ಹೆದರಿ ದಾರಿ ಬದಲಿಸಿದರೆ ಅವಳ ಕೆಲಸ ಮುಗಿಯಿತು. ಏಕೆ ಹೆದರಿಸಿದಳೆಂಬುದು ಅವನಿಗೆ ತಿಳಿಯಬಾರದು. ಅದನ್ನು ತಿಳಿದು ಅವಳ ಚಾತುರ್ಯಕ್ಕೆ ತಲೆದೂಗುವವನು ಸಹೃದಯನೊಬ್ಬನೇ.

ಧ್ವನಿಯ ಮೇಲೆ ಬಂದ ಅತ್ಯಂತ ಬಲವಾದ ಆಕ್ಷೇಪವು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಮಹಿಮಭಟ್ಟನಿಂದ ಬಂತು. ‘ವ್ಯಕ್ತಿವಿವೇಕ’ವೆಂಬ ತನ್ನ ಗ್ರಂಥವನ್ನು ಅವನು ಇದಕ್ಕಾಗಿಯೇ ಬರೆದನು. ಹೇಳದ ಅರ್ಥವೊಂದು ತಿಳಿಯುತ್ತದೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಅದನ್ನು ತಿಳಿಸಲು ವ್ಯಂಜನೆಯೆಂಬ ಹೊಸ ಶಕ್ತಿ ಬೇಕಿಲ್ಲ, ಹೊಗೆಯಿಂದ ಬೆಂಕಿಯನ್ನು ತಿಳಿಯುವ ಅನುಮಾನವೇ, ಅಂದರೆ ತಾರ್ಕಿಕ ಊಹೆಯೇ ಸಾಕೆಂದು ವಾದಿಸಿದನು. ಗಾಥೆಯನ್ನು ಅವನ ದಾರಿಯಲ್ಲಿ ಓದಿದರೆ ಹೀಗಾಗುತ್ತದೆ: ಅಂಜುಬುರುಕನು ಎಲ್ಲಿಗಾದರೂ ಹೋಗಬೇಕಾದರೆ ಅಲ್ಲಿ ಭಯದ ಕಾರಣವಿಲ್ಲವೆಂಬುದು ಅವನಿಗೆ ಖಚಿತವಾಗಿರಬೇಕು, ಗೋದಾವರಿಯ ದಡದಲ್ಲಿ ಸಿಂಹವಿದೆ, ಅದು ಭಯದ ಕಾರಣ, ಆದ್ದರಿಂದ ಅಲ್ಲಿ ಅವನ ಓಡಾಟ ತಕ್ಕುದಲ್ಲ. ಸಿಂಹದ ಇರುವಿಕೆಯೇ ಹೇತು, ಓಡಾಟದ ನಿಷೇಧವೇ ಸಾಧ್ಯ. ಈ ವಾದವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಒಂದು ಅರ್ಥದಿಂದ ಮತ್ತೊಂದಕ್ಕೆ ಹೋಗುವಾಗ ಇವೆರಡರ ನಡುವೆ ಏನಾದರೂ ಸಂಬಂಧವಿರಲೇಬೇಕು, ಇಲ್ಲದಿದ್ದರೆ ಯಾವ ಮಾತಿನಿಂದ ಯಾವ ಅರ್ಥವನ್ನಾದರೂ ಎಳೆಯಬಹುದು ಎಂಬ ಅವನ ಕಳವಳ ನ್ಯಾಯವಾದದ್ದು. ಧ್ವನಿಯ ಹೆಸರಿನಲ್ಲಿ ಮನಸ್ಸಿಗೆ ತೋಚಿದ್ದನ್ನೆಲ್ಲ ಕವಿಯ ಮೇಲೆ ಹೊರಿಸುವ ಓದುಗರಿಗೆ ಅದು ಇಂದಿಗೂ ಒಳ್ಳೆಯ ಅಂಕುಶ.

ಮಮ್ಮಟನು ಕಾವ್ಯಪ್ರಕಾಶದ ಐದನೆಯ ಉಲ್ಲಾಸದಲ್ಲಿ ಈ ಅನುಮಾನಕ್ಕೆ ಕೊಡುವ ಉತ್ತರವು ತರ್ಕಶಾಸ್ತ್ರದ ಆಯುಧದಿಂದಲೇ ತರ್ಕವನ್ನು ಎದುರಿಸುವಂಥದು. ಅನುಮಾನ ನಿಲ್ಲಬೇಕಾದರೆ ಹೇತುವು ನಿರ್ದುಷ್ಟವಾಗಿರಬೇಕು. ಇಲ್ಲಿ ಅದು ಮೂರು ಕಡೆ ಮುರಿಯುತ್ತದೆ. ಅಂಜುಬುರುಕನಾದರೂ ಗುರುವಿನ ಇಲ್ಲವೆ ಒಡೆಯನ ಅಪ್ಪಣೆಯಿಂದ, ಪ್ರಿಯೆಯ ಮೇಲಿನ ಅನುರಾಗದಿಂದ, ಅಥವಾ ಇಂಥ ಬೇರೆ ಕಾರಣದಿಂದ ಭಯವಿರುವಲ್ಲಿಗೂ ಹೋಗುವುದುಂಟು. ಆದ್ದರಿಂದ ಹೇತುವು ಅನೈಕಾಂತಿಕ, ಅಂದರೆ ಸಾಧ್ಯವಿಲ್ಲದ ಕಡೆಯಲ್ಲಿಯೂ ಕಾಣಿಸುವಂಥದು. ನಾಯಿಯನ್ನು ಮುಟ್ಟಲು ಹೇಸಿ ದೂರವಿರುವವನು ವೀರನಾಗಿದ್ದರೆ ಸಿಂಹಕ್ಕೆ ಹೆದರದಿರಬಹುದು. ಆದ್ದರಿಂದ ಅದು ವಿರುದ್ಧವೂ ಆಗಬಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು, ಗೋದಾವರಿಯ ದಡದಲ್ಲಿ ಸಿಂಹವಿದೆಯೆಂಬುದು ಕಣ್ಣಿಗೆ ಕಂಡದ್ದಲ್ಲ, ಊಹೆಯಿಂದ ಸಿದ್ಧವಾದದ್ದಲ್ಲ, ಆ ಹೆಣ್ಣಿನ ಬಾಯಿಂದ ಬಂದದ್ದು. ಅವಳ ಮಾತು ಪ್ರಮಾಣವೆಂದು ನಂಬಲು ಆಧಾರವಿಲ್ಲ. ಹೀಗೆ ಹೇತುವು ಅಸಿದ್ಧ. ಅಸಿದ್ಧವಾದ ಹೇತುವಿನಿಂದ ಅನುಮಾನ ನಡೆಯಲಾರದು, ಆದರೆ ಅರ್ಥವೇನೋ ಹೊಳೆದಿದೆ.

ಈ ಕೊನೆಯ ದೋಷವೇ ವಾದದ ತಿರುಳು. ಗೋದಾವರಿಯ ದಡದಲ್ಲಿ ಸಿಂಹ ಬಹುಶಃ ಇಲ್ಲವೇ ಇಲ್ಲ. ಅವಳು ಅದನ್ನು ಹುಟ್ಟಿಸಿದ್ದಾಳೆ. ಅನುಮಾನದಲ್ಲಿ ಹೊಗೆ ಸುಳ್ಳಾದರೆ ಬೆಂಕಿಯ ಜ್ಞಾನವೂ ಸುಳ್ಳಾಗುತ್ತದೆ. ಕಾವ್ಯದಲ್ಲಿ ಸಿಂಹ ಸುಳ್ಳಾದಷ್ಟೂ ಅವಳ ಅಭಿಪ್ರಾಯ ದಿಟವಾಗುತ್ತದೆ, ಸಿಂಹವು ಸುಳ್ಳಿರಬೇಕೆಂಬ ಶಂಕೆಯಿಂದಲೇ ಸಹೃದಯನು ಸಂಕೇತಸ್ಥಳದವರೆಗೆ ಹೋಗುತ್ತಾನೆ. ಮಹಿಮಭಟ್ಟನು ಅರ್ಥಗಳ ನಡುವೆ ಸಂಬಂಧವನ್ನು ಕೇಳಿದ್ದು ಸರಿ. ಆ ಸಂಬಂಧವು ಎಲ್ಲೆಡೆ ಎಂದೆಂದಿಗೂ ತಪ್ಪದ ವ್ಯಾಪ್ತಿಯಾಗಿರಬೇಕೆಂದು ಭಾವಿಸಿದ್ದರಲ್ಲಿ ಅವನ ವಾದ ಸೋತಿತು. ಈ ಒಬ್ಬಳು, ಈ ಒಬ್ಬನಿಗೆ, ಈ ಪೊದೆಯನ್ನು ಕುರಿತು ಆಡಿದ ಮಾತಿನ ಸಂಬಂಧವು ಸಾಮಾನ್ಯ ನಿಯಮವಾಗದೆಯೂ ಖಚಿತವಾಗಿರಬಲ್ಲದು.

ಹಾಗಾದರೆ ಹೇಳದ ಅರ್ಥವಿರುವ ಮಾತೆಲ್ಲ ಧ್ವನಿಯೇ? ಅಲ್ಲವೆಂದು ಆನಂದವರ್ಧನನು ಸ್ಪಷ್ಟವಾಗಿ ಹೇಳುತ್ತಾನೆ; ಅವನ ವಿಮರ್ಶೆಯ ಸೂಕ್ಷ್ಮ ಬೆಳಗುವುದು ಉದಾಹರಣೆಗಳನ್ನು ಹೀಗೆ ಬೇರ್ಪಡಿಸುವಾಗ. ಎರಡನೆಯ ಉದ್ಯೋತದಲ್ಲಿ ಅವನು ಹತ್ತಿರಹತ್ತಿರದಲ್ಲಿಯೇ ಎರಡು ತಾವರೆಗಳನ್ನು ಇಡುತ್ತಾನೆ. ಮೊದಲನೆಯದು ಕಾಳಿದಾಸನ ‘ಕುಮಾರಸಂಭವ’ದ್ದು: ಋಷಿಯು ಹಿಮವಂತನೊಡನೆ ಮದುವೆಯ ಪ್ರಸ್ತಾಪ ಮಾಡುತ್ತಿರುವಾಗ ತಂದೆಯ ಪಕ್ಕದಲ್ಲಿದ್ದ ಪಾರ್ವತಿಯು ತಲೆ ತಗ್ಗಿಸಿ ಕೈಯಲ್ಲಿದ್ದ ಆಟದ ತಾವರೆಯ ಎಸಳುಗಳನ್ನು ಎಣಿಸುತ್ತಾಳೆ. ಅವಳ ನಾಚಿಕೆಯನ್ನು ಕವಿ ಹೆಸರಿಸುವುದಿಲ್ಲ. ಎಣಿಸುವ ಕ್ರಿಯೆಯು ತಾನು ಹಿಂದೆ ಸರಿದು ಅದನ್ನು ಹೊಳೆಯಿಸುತ್ತದೆ. ಎರಡನೆಯದರಲ್ಲಿ, ಕೂಡುವ ಹೊತ್ತು ಯಾವುದೆಂದು ತಿಳಿಯಬಯಸಿದ ವಿಟನ ಮನಸ್ಸನ್ನು ಅರಿತು, ಜಾಣೆಯೊಬ್ಬಳು ನಗುವ ಕಣ್ಣಿನಿಂದ ಅಭಿಪ್ರಾಯವನ್ನು ಸೂಚಿಸುತ್ತ ಕೈಯ ತಾವರೆಯನ್ನು ಮುಚ್ಚುತ್ತಾಳೆ. ತಾವರೆ ಮುಚ್ಚುವುದು ಸಂಜೆ. ಸಂಜೆಗೆ ಬಾ ಎಂಬ ಸೂಚನೆ ಬಹಳ ಸೊಗಸಾದದ್ದು. ಆದರೆ ಅವನಿಗೆ ಬೇಕಾದದ್ದು ಕೂಡುವ ಹೊತ್ತೆಂದೂ ಅದನ್ನು ಅವಳು ಅರಿತಳೆಂದೂ ಕವಿಯೇ ಬಾಯಿಬಿಟ್ಟು ಹೇಳಿದ್ದರಿಂದ, ಆ ಕ್ರಿಯೆಯ ವ್ಯಂಜಕತ್ವವು ಶಬ್ದಗಳಿಂದಲೇ ಹೊರಬಿದ್ದಿದೆ. ಆದ್ದರಿಂದ ಅದು ಆ ಬಗೆಯ ಧ್ವನಿಗೆ ಸಲ್ಲುವುದಿಲ್ಲ. ಕವಿಯ ಒಂದೆರಡು ಪದಗಳು ಹೆಚ್ಚಾದದ್ದೇ ಇಲ್ಲಿ ಲೋಪ. ಆ ಪದಗಳನ್ನು ತೆಗೆದು ಓದಿನೋಡುವುದೇ ಅದನ್ನು ಕಂಡುಹಿಡಿಯುವ ಬಗೆ.

ಇನ್ನೊಂದು ಗಡಿಯು ಪ್ರಾಧಾನ್ಯದ್ದು. ಆನಂದವರ್ಧನನಿಗೆ ಸರಿಸುಮಾರು ಸಮಕಾಲೀನವಾಗಿ, 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕನ್ನಡದ ‘ಕವಿರಾಜಮಾರ್ಗ’ವು ಧ್ವನಿಯನ್ನು ಹೆಸರಿಸುತ್ತದೆ, ಆದರೆ ಅಲಂಕಾರಗಳಲ್ಲಿ ಒಂದೆಂದು. ಧ್ವನಿಯು ಅಲಂಕಾರದಲ್ಲಿ ಅಡಗಬಹುದೆಂಬ ಅಭಿಪ್ರಾಯವನ್ನು ಆನಂದವರ್ಧನನೂ ಪೂರ್ವಪಕ್ಷವಾಗಿ ಎತ್ತಿಕೊಂಡು ಉತ್ತರಿಸುತ್ತಾನೆ: ಸಮಾಸೋಕ್ತಿಯಂಥ ಅಲಂಕಾರಗಳಲ್ಲಿ ಹೇಳದ ಅರ್ಥವೊಂದು ಹೊಳೆದರೂ ಅದು ಹೇಳಿದ ಅರ್ಥವನ್ನು ಚೆಲುವುಗೊಳಿಸುವ ಸೇವಕನಾಗಿರುತ್ತದೆ, ಒಡೆಯನಾದಾಗ ಮಾತ್ರ ಅದು ಧ್ವನಿ. ಸೇವಕನಾದಾಗ ಆ ಕಾವ್ಯಕ್ಕೆ ಗುಣೀಭೂತವ್ಯಂಗ್ಯ, ಎಂದರೆ ವ್ಯಂಗ್ಯವು ಅಪ್ರಧಾನವಾಗಿರುವ ಕಾವ್ಯವೆಂದು ಹೆಸರು. ಈ ವಿಚಾರಗಳನ್ನು ಕನ್ನಡದಲ್ಲಿ ವಿಸ್ತಾರವಾಗಿ ತಿಳಿಯಬಯಸುವವರಿಗೆ 1953ರಲ್ಲಿ ಪ್ರಕಟವಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇಂದಿಗೂ ಭದ್ರವಾದ ಆಸರೆ.

ಗುಣೀಭೂತವ್ಯಂಗ್ಯಕ್ಕೆ ಆನಂದವರ್ಧನನು ಕೊಡುವ ಉದಾಹರಣೆಯೂ ಒಂದು ಪ್ರಾಕೃತ ಗಾಥೆ. ಅಲ್ಲಿಯೂ ಪೊದೆಯಿದೆ, ಸಂಕೇತವಿದೆ. ನೀರುಬೆತ್ತದ ಪೊದೆಯಿಂದ ಹಾರಿದ ಹಕ್ಕಿಗಳ ಕಲಕಲವನ್ನು ಕೇಳುತ್ತ, ಮನೆಗೆಲಸದಲ್ಲಿ ತೊಡಗಿದ್ದ ಸೊಸೆಯ ಅಂಗಾಂಗಗಳು ಕುಸಿಯುತ್ತವೆ. ಹಕ್ಕಿಗಳು ಹಾರಿದ್ದರಿಂದ ಪೊದೆಯೊಳಕ್ಕೆ ಯಾರೋ ಬಂದಿದ್ದಾರೆ; ಬಂದವನು ಮಾತು ಕೊಟ್ಟಿದ್ದ ಪ್ರಿಯ; ಇವಳಿಗೆ ಹೋಗಲಾಗುತ್ತಿಲ್ಲ. ಇಷ್ಟೂ ವ್ಯಂಗ್ಯವೇ. ಮೊದಲ ಗಾಥೆಯಲ್ಲಿದ್ದಷ್ಟೇ ಗುಟ್ಟು ಇಲ್ಲಿಯೂ ಇದೆ, ಅದನ್ನು ತಿಳಿಯಲು ಓದುಗನು ಇಡಬೇಕಾದ ಹೆಜ್ಜೆಗಳು ಬಹುಶಃ ಅಲ್ಲಿಗಿಂತ ಹೆಚ್ಚು. ಆದರೂ ಆನಂದವರ್ಧನನು ಇದನ್ನು ಗುಣೀಭೂತವ್ಯಂಗ್ಯವೆಂದು ಎಣಿಸುತ್ತಾನೆ. ಪ್ರಿಯನು ಬಂದಿದ್ದಾನೆಂಬ ಸಂಗತಿಯನ್ನು ಅರಿತ ಮೇಲೆ ಓದುಗನ ಮನಸ್ಸು ಆ ಸಂಗತಿಯಲ್ಲಿ ನಿಲ್ಲದೆ, ಕೆಲಸದ ನಡುವೆ ಕುಸಿಯುತ್ತಿರುವ ಆ ಅಂಗಗಳಿಗೆ, ಅಂದರೆ ಕವಿ ನೇರವಾಗಿ ಹೇಳಿದ ವಾಚ್ಯಕ್ಕೇ ಮರಳುತ್ತದೆ. ಹೊಳೆದ ಸಂಗತಿಯು ಆ ಕುಸಿತಕ್ಕೆ ಕಾರಣವನ್ನು ಒದಗಿಸಿ ಅದನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ಗೋದಾವರಿಯ ಗಾಥೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಅಲ್ಲಿ ಗುಟ್ಟು ತಿಳಿದ ಮೇಲೆ ನಾಯಿಯ ಸಾವಿಗೆ ಮರಳಿ ಸವಿಯುವಂಥದು ಏನೂ ಉಳಿಯುವುದಿಲ್ಲ.

ಇಂಥ ಕಾವ್ಯವನ್ನು ಆನಂದವರ್ಧನನು ಕೀಳೆಂದು ತಳ್ಳುವುದಿಲ್ಲ. ಗುಣೀಭೂತವ್ಯಂಗ್ಯವೂ ರಸದ ದೃಷ್ಟಿಯಿಂದ ನೋಡಿದಾಗ ಮತ್ತೆ ಧ್ವನಿಯೇ ಆಗುತ್ತದೆಂದು ಅವನು ಮೂರನೆಯ ಉದ್ಯೋತದಲ್ಲಿ ಹೇಳುತ್ತಾನೆ. ಶೃಂಗಾರವೆಂದಾಗಲಿ ತಳಮಳವೆಂದಾಗಲಿ ಹೆಸರು ಹಿಡಿದು ಕರೆದ ಮಾತ್ರಕ್ಕೆ ಅವು ಓದುಗನಲ್ಲಿ ಹುಟ್ಟುವುದಿಲ್ಲ. ಸಂಗತಿಯನ್ನಾದರೆ ಬೇಕಿದ್ದರೆ ನೇರವಾಗಿ ಹೇಳಿಬಿಡಬಹುದು, ರಸವನ್ನು ಹಾಗೆ ಹೇಳಲು ಬರುವುದೇ ಇಲ್ಲ. ನೀರುಬೆತ್ತದ ಗಾಥೆಯಲ್ಲಿ ಪ್ರಿಯನ ಆಗಮನವು ಕುಸಿಯುವ ಅಂಗಗಳಿಗೆ ಅಧೀನವಾದರೆ, ಆ ಕುಸಿತವು ಅದಕ್ಕೂ ಹಿಂದಿರುವ ಅವಳ ಬಯಕೆಗೆ ಅಧೀನವಾಗಿದೆ. ಆ ಬಯಕೆಯನ್ನು ಗಾಥೆ ಎಲ್ಲಿಯೂ ಹೆಸರಿಸಿಲ್ಲ.